ರೇಯಾನ್ ಕುರ್ತಿ ಒಗೆದ ಮೇಲೆ ಜೋತುಬಿತ್ತೇ, ಗಿಡ್ಡವಾಯಿತೇ? ಕಾರಣ ಹುಡುಕಿ ಸರಿಪಡಿಸುವ ಬಗೆ

ವಿಸ್ಕೋಸ್ ರೇಯಾನ್ ಬಟ್ಟೆ ಒಗೆತದಲ್ಲಿ ಎರಡು ವಿರುದ್ಧ ದಿಕ್ಕುಗಳಲ್ಲಿ ಕೆಡುತ್ತದೆ. ಒಂದು ಕುರ್ತಿ ಮೊದಲ ಒಗೆತಕ್ಕೇ ನಾಲ್ಕೈದು ಸೆಂಟಿಮೀಟರ್ ಗಿಡ್ಡವಾಗುತ್ತದೆ. ಇನ್ನೊಂದು ಉದ್ದಕ್ಕೆ ಜೋತುಬಿದ್ದು, ಅಂಚು ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಆಗುತ್ತದೆ. ಅಂಗಡಿಯಲ್ಲಿ ಎರಡಕ್ಕೂ ಒಂದೇ ಉತ್ತರ ಸಿಗುತ್ತದೆ: ‘ರೇಯಾನ್ ಅಂದ್ರೆ ಹಾಗೇ.’ ಅದು ಪೂರ್ತಿ ನಿಜವಲ್ಲ. ಎರಡಕ್ಕೂ ಮೂಲ ಒಂದೇ ಆದರೂ ತಪ್ಪು ನಡೆದ ಹಂತ ಬೇರೆ ಬೇರೆ. ಬಟ್ಟೆ ಯಾವ ಕಡೆಗೆ ಸರಿದಿದೆ ಎಂದು ಅಳತೆ ಟೇಪು ಹಿಡಿದು ನೋಡಿದರೆ ಆ ಹಂತ ಯಾವುದೆಂದು ಗೊತ್ತಾಗುತ್ತದೆ. ಬಹಳಷ್ಟು ಸಲ ಅರ್ಧಕ್ಕಿಂತ ಹೆಚ್ಚು ಸರಿಪಡಿಸಲೂ ಆಗುತ್ತದೆ.

ನೀರಿನಲ್ಲಿ ಏನಾಗುತ್ತದೆ

ವಿಸ್ಕೋಸ್ ಹುಟ್ಟುವುದು ಮರದ ತಿರುಳಿನಿಂದ. ತಿರುಳನ್ನು ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್ ಬಳಸಿ ಕರಗಿಸುತ್ತಾರೆ. ಆ ಅಂಟುದ್ರವವನ್ನು ಸಣ್ಣ ರಂಧ್ರಗಳ ಮೂಲಕ ಆಮ್ಲದ ತೊಟ್ಟಿಗೆ ಹಾಯಿಸಿದಾಗ ಅದು ಮತ್ತೆ ಸೆಲ್ಯುಲೋಸ್ ಎಳೆಯಾಗುತ್ತದೆ. ನಮ್ಮಲ್ಲೇ ಹರಿಹರದ ಪಕ್ಕ ತುಂಗಭದ್ರೆಯ ದಡದಲ್ಲಿ ಇದರ ತಿರುಳೂ ಎಳೆಯೂ ತಯಾರಾಗುತ್ತವೆ. ಅಂದರೆ ಇದು ಪಾಲಿಯೆಸ್ಟರ್‌ನಂತೆ ಪೆಟ್ರೋಲಿಯಂನಿಂದ ಬಂದದ್ದಲ್ಲ. ರಾಸಾಯನಿಕವಾಗಿ ಹತ್ತಿಯ ಬಳಗದ್ದೇ. ಆದರೆ ಕರಗಿಸಿ ಮತ್ತೆ ಕಟ್ಟುವಾಗ ಅದರ ಅಣುಗಳ ಸರಪಣಿ ತುಂಡಾಗಿರುತ್ತದೆ. ಹತ್ತಿಯ ಒಂದು ಸರಪಣಿಯಲ್ಲಿ ಸಾವಿರಾರು ಗ್ಲೂಕೋಸ್ ಕೊಂಡಿಗಳಿದ್ದರೆ ಸಾಧಾರಣ ವಿಸ್ಕೋಸ್‌ನಲ್ಲಿ ಇರುವುದು ಸುಮಾರು 250ರಿಂದ 350. ಆ ಗಿಡ್ಡ ಸರಪಣಿಗಳು ಹತ್ತಿಯಲ್ಲಿರುವಷ್ಟು ಒತ್ತಾಗಿ, ಶಿಸ್ತಾಗಿ ಜೋಡಣೆಗೊಂಡಿರುವುದೂ ಇಲ್ಲ. ಅವುಗಳ ನಡುವೆ ನೀರು ಸುಲಭವಾಗಿ ನುಗ್ಗುತ್ತದೆ, ಅಕ್ಕಪಕ್ಕದ ಸರಪಣಿಗಳನ್ನು ಹಿಡಿದಿಟ್ಟ ಹೈಡ್ರೋಜನ್ ಬಂಧಗಳನ್ನು ಬಿಡಿಸುತ್ತದೆ, ಎಳೆ ದಪ್ಪವಾಗಿ ಊದಿಕೊಳ್ಳುತ್ತದೆ.

ಇದರಿಂದ ಎರಡು ಬದಲಾವಣೆ. ಮೊದಲನೆಯದು, ಸಾಧಾರಣ ವಿಸ್ಕೋಸ್ ಒದ್ದೆಯಾದಾಗ ಒಣಗಿದಾಗಿನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಹತ್ತಿಯದು ಇದಕ್ಕೆ ತದ್ವಿರುದ್ಧ: ಅದು ಒದ್ದೆಯಾದಾಗ ಇನ್ನಷ್ಟು ಗಟ್ಟಿ. ಹತ್ತಿ ಬಟ್ಟೆಗೆಂದು ತಲೆಮಾರುಗಳಿಂದ ರೂಢಿಯಾದ ಕಲ್ಲಿನ ಮೇಲಿನ ಒಗೆತ, ಬ್ರಷ್ ಉಜ್ಜುವಿಕೆ, ಇಬ್ಬರು ಎರಡು ತುದಿ ಹಿಡಿದು ಹಿಂಡುವುದು ಇಲ್ಲಿ ಕೆಲಸಕ್ಕೆ ಬಾರದಿರುವುದು ಅದಕ್ಕೇ. ಎರಡನೆಯದು ಆಕಾರ ಕೆಡುವುದಕ್ಕೆ ಇನ್ನೂ ಮುಖ್ಯ: ಒದ್ದೆ ವಿಸ್ಕೋಸ್ ಹರಿಯುವ ಮೊದಲೇ ಸ್ವಲ್ಪ ಎಳೆತಕ್ಕೂ ಉದ್ದವಾಗುತ್ತದೆ. ನೀರು ಆರುತ್ತಿದ್ದಂತೆ ಬಿಟ್ಟುಹೋದ ಬಂಧಗಳು ಮತ್ತೆ ಕೂಡುತ್ತವೆ, ಆದರೆ ಆ ಹೊತ್ತಿಗೆ ಎಳೆ ಎಲ್ಲಿದೆಯೋ ಅಲ್ಲೇ. ಹಾಗಾಗಿ ಒಣಗುವಾಗ ಯಾವ ಆಕಾರದಲ್ಲಿತ್ತೋ ಅದನ್ನೇ ಬಟ್ಟೆ ಹಿಡಿದುಕೊಳ್ಳುತ್ತದೆ. ಒಣಗಿದ ಮೇಲೆ ಬಲ ಮರಳಿ ಬರುತ್ತದೆ. ಆಕಾರ ಮಾತ್ರ ತಾನಾಗಿ ಮರಳುವುದಿಲ್ಲ.

ಎಷ್ಟು ಹೊತ್ತು ನೆನೆದಿದೆ ಎನ್ನುವುದು ಬಲದ ಮಟ್ಟಿಗೆ ದೊಡ್ಡ ವಿಷಯವಲ್ಲ. ಎಳೆ ಕೆಲವೇ ನಿಮಿಷಗಳಲ್ಲಿ ಪೂರ್ತಿ ಊದಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಒಂದು ಗಂಟೆ ನೆನೆದರೂ ಗಮನಿಸುವಷ್ಟು ಮೆದುವಾಗುವುದಿಲ್ಲ. ರಾತ್ರಿಯಿಡೀ ನೆನೆಹಾಕಬಾರದೆಂದು ಹೇಳುವುದು ಬಣ್ಣ ಬಿಡುತ್ತದೆ ಮತ್ತು ಮಡಿಕೆ ಗುರುತು ಕೂರುತ್ತದೆ ಎಂಬ ಕಾರಣಕ್ಕೆ.

ಮೊದಲು ಖಾತ್ರಿ: ಇದು ವಿಸ್ಕೋಸೇ ತಾನೇ?

ಚೀಟಿಯಲ್ಲಿ ‘ರೇಯಾನ್’ ಅಥವಾ ‘ವಿಸ್ಕೋಸ್’ ಎಂದಿದ್ದರೆ ಅನುಮಾನವಿಲ್ಲ. ಚೀಟಿ ಇಲ್ಲದ ಮೀಟರ್ ಬಟ್ಟೆಯಲ್ಲಿ, ‘ಆರ್ಟ್ ಸಿಲ್ಕ್’ ಎಂದು ಮಾರುವ ಬಟ್ಟೆಯಲ್ಲಿ ವಿಸ್ಕೋಸೂ ಇರಬಹುದು, ಪಾಲಿಯೆಸ್ಟರೂ ಇರಬಹುದು. ಒಳಹೊಲಿಗೆಯ ಮಾರ್ಜಿನ್‌ನಿಂದ ಎರಡು ಮೂರು ನೂಲು ಬಿಡಿಸಿಕೊಳ್ಳಿ. ಒಂದನ್ನು ಚಿಮುಟದಲ್ಲಿ ಹಿಡಿದು ಬೆಂಕಿ ತಾಗಿಸಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್, ಅಥವಾ ಅದು ಬೆರೆತ ನೂಲು. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿದರೆ ಸೆಲ್ಯುಲೋಸ್. ಆದರೆ ಹತ್ತಿಯೂ ಹೀಗೆಯೇ ಉರಿಯುವುದರಿಂದ ಇಷ್ಟು ಸಾಲದು.

ಇನ್ನೊಂದು ನೂಲಿನ ನಡುವೆ ಒಂದು ಹನಿ ನೀರು ಮುಟ್ಟಿಸಿ, ಅರ್ಧ ನಿಮಿಷ ಬಿಟ್ಟು, ಎರಡು ತುದಿ ಹಿಡಿದು ನಿಧಾನವಾಗಿ ಎಳೆಯಿರಿ. ವಿಸ್ಕೋಸ್ ಆದರೆ ಸರಿಯಾಗಿ ಒದ್ದೆಯಾದ ಜಾಗದಲ್ಲೇ ತುಂಡಾಗುತ್ತದೆ. ಹತ್ತಿಯಾದರೆ ಒಣಗಿದ ಭಾಗದಲ್ಲಿ ಹರಿಯುವುದೇ ಹೆಚ್ಚು. ಎರಡು ಮೂರು ನೂಲಿನಲ್ಲಿ ಒಂದೇ ಫಲ ಬಂದರೆ ನಂಬಬಹುದು. ಮೋಡಲ್ ಮತ್ತು ಲಯೊಸೆಲ್ ಇದೇ ಬಳಗದ ಸುಧಾರಿತ ಎಳೆಗಳು. ಒದ್ದೆಯಲ್ಲಿ ಅವು ಇಷ್ಟು ಸಡಿಲವಾಗುವುದಿಲ್ಲ.

ಬಟ್ಟೆ ಒಣಗಿದಾಗಲೂ ಸುಲಭವಾಗಿ ಹರಿಯುತ್ತಿದ್ದರೆ ದೋಷ ಬೇರೆ ಕಡೆ ಇದೆ. ಬ್ಲೀಚ್ ತಾಗಿರಬಹುದು, ಮಳೆಗಾಲದಲ್ಲಿ ಒದ್ದೆಯಾಗಿ ಬಿದ್ದು ಬೂಷ್ಟು ಹಿಡಿದಿರಬಹುದು. ಇವು ಸರಪಣಿಯನ್ನೇ ಕಡಿಯುತ್ತವೆ, ಆ ಬಲ ಒಣಗಿಸಿದರೂ ಮರಳುವುದಿಲ್ಲ. ಅಂಥ ಬಟ್ಟೆಗೆ ಕೆಳಗಿನ ಯಾವ ಉಪಾಯವೂ ಉಪಯೋಗವಿಲ್ಲ.

ಟೇಪು ಹಿಡಿದು ನೋಡುವುದು

ಬಟ್ಟೆಯನ್ನು ಒಣಗಿದ ಸ್ಥಿತಿಯಲ್ಲಿ ಮೇಜಿನ ಮೇಲೆ, ಎಳೆಯದೆ ಚಪ್ಪಟೆಯಾಗಿ ಹಾಸಿ. ಭುಜದ ತುದಿಯಿಂದ ಅಂಚಿನವರೆಗೆ ನಡುವಿನಲ್ಲಿ ಒಂದು ಅಳತೆ, ಎರಡೂ ಪಕ್ಕದ ಹೊಲಿಗೆಯ ಉದ್ದ, ಕಂಕುಳಿನ ಕೆಳಗೆ ಎದೆಯ ಅಗಲ. ಹೊಸದಾಗಿ ತಂದಾಗಲೇ ಈ ಅಳತೆಗಳನ್ನು ಬರೆದಿಟ್ಟಿದ್ದರೆ ಉತ್ತಮ. ಇಲ್ಲವಾದರೆ ಅದೇ ಅಳತೆಯ ಇನ್ನೊಂದು ಉಡುಪಿನ ಜೊತೆ ಹೋಲಿಸಿ.

ಉದ್ದ ಕಡಿಮೆಯಾಗಿ ಅಗಲ ಹೆಚ್ಚುಕಡಿಮೆ ಹಾಗೇ ಇದ್ದರೆ ಅದು ಮಿಲ್‌ನಲ್ಲಿ ಎಳೆದಿಟ್ಟ ಬಿಗಿ ಸಡಿಲವಾದದ್ದು. ನೇಯುವಾಗಲೂ ಬಣ್ಣ ಹಾಕುವಾಗಲೂ ಬಟ್ಟೆ ಹಾಸಿನ, ಅಂದರೆ ಉದ್ದಕ್ಕೆ ಹಾಯುವ ನೂಲಿನ, ದಿಕ್ಕಿಗೆ ಎಳೆತದಲ್ಲಿ ಓಡುತ್ತದೆ, ಆ ಎಳೆತದಲ್ಲೇ ಒಣಗುತ್ತದೆ. ಮೊದಲ ಸಲ ನೀರು ತಾಗಿದಾಗ ಆ ಬಿಗಿ ಬಿಡುತ್ತದೆ. ಜೊತೆಗೆ ಊದಿಕೊಂಡ ದಪ್ಪ ನೂಲನ್ನು ಬಳಸಿ ಹಾಯಲು ಎದುರು ನೂಲಿಗೆ ಹೆಚ್ಚು ಉದ್ದ ಬೇಕಾಗುವುದರಿಂದ ಬಟ್ಟೆ ಇನ್ನಷ್ಟು ಕುಗ್ಗುತ್ತದೆ. ಇಲ್ಲಿ ಒಗೆದವರ ತಪ್ಪು ಕಡಿಮೆ. ಬಿಸಿನೀರು, ಡ್ರೈಯರ್ ಬಳಸಿದ್ದರೆ ಮಾತ್ರ ಅದು ಹೆಚ್ಚಾಗಿರುತ್ತದೆ.

ಉದ್ದ ಹೆಚ್ಚಾಗಿ ಅಗಲ ಕಡಿಮೆಯಾಗಿದ್ದರೆ ಒದ್ದೆಯಾಗಿ ನೇತುಹಾಕಿದ್ದೇ ಕಾರಣ. ಭುಜದಲ್ಲಿ ಹ್ಯಾಂಗರ್‌ನ ಉಬ್ಬು ಅಥವಾ ಕ್ಲಿಪ್ ಹಾಕಿದ ಕಡೆ ಮೂಗಿನಂತೆ ಎಳೆದ ತುದಿ ಕಂಡರೆ ಬೇರೆ ಸಾಕ್ಷಿ ಬೇಡ.

ನಡುವಿನ ಉದ್ದ ಸರಿಯಿದ್ದು ಪಕ್ಕಗಳು ಮಾತ್ರ ಜೋತುಬಿದ್ದಿದ್ದರೆ ಅಂಬ್ರೆಲಾ ಕಟ್ ಅಥವಾ ಹೆಚ್ಚು ಘೇರಿನ ಉಡುಪು ಎಂದೇ ತಿಳಿಯಿರಿ. ಆ ಜಾಗದಲ್ಲಿ ಬಟ್ಟೆಯ ಭಾರ ಹಾಸಿನ ಮೇಲೂ ಅಡ್ಡ ನೂಲಾದ ಹೊಕ್ಕಿನ ಮೇಲೂ ನೇರವಾಗಿ ಬೀಳದೆ ಓರೆಯಾಗಿ, ದರ್ಜಿಗಳ ಮಾತಿನಲ್ಲಿ ಕ್ರಾಸ್‌ನಲ್ಲಿ, ಬೀಳುತ್ತದೆ. ಓರೆಯ ದಿಕ್ಕಿನಲ್ಲಿ ಯಾವ ಬಟ್ಟೆಯೂ ಜಗ್ಗುತ್ತದೆ. ಒದ್ದೆ ವಿಸ್ಕೋಸ್ ಹೆಚ್ಚು ಜಗ್ಗುತ್ತದೆ.

ಕಂಕುಳು, ಸೊಂಟದ ಹೊಲಿಗೆಯ ಪಕ್ಕ ಕಿಂಡಿ ಬಿಟ್ಟಿದ್ದರೆ ಬೆಳಕಿಗೆ ಹಿಡಿದು ನೋಡಿ. ನೂಲುಗಳು ತುಂಡಾಗದೆ ಹೊಲಿಗೆಯಿಂದ ದೂರ ಸರಿದಿದ್ದರೆ ಅದು ಜಾರಿಕೆ: ನುಣುಪಾದ ನೂಲು, ಸಡಿಲ ನೇಯ್ಗೆ, ಬಿಗಿ ಅಳತೆ ಒಟ್ಟಾಗಿ ಸೇರಿದ ಫಲ, ಹಿಂಡಿದ್ದರಿಂದ ಹೆಚ್ಚಾದದ್ದು. ತುದಿಗಳು ತುಂಡಾಗಿ ನಾರು ಎದ್ದಿದ್ದರೆ ಒದ್ದೆಯಲ್ಲೇ ಹರಿದದ್ದು. ಎರಡಕ್ಕೂ ಒಗೆತದಲ್ಲಿ ಪರಿಹಾರವಿಲ್ಲ, ದರ್ಜಿಯ ಬಳಿಯೇ ಹೋಗಬೇಕು.

ಒಗೆಯುವುದು

ಐದು ಲೀಟರ್ ನೀರಿಗೆ ಒಂದು ಚಹಾ ಚಮಚ, ಅಂದರೆ 5 ಮಿಲಿ, ಮೃದು ದ್ರವ ಸೋಪು ಸಾಕು. ನೀರು 30 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಕೈಗೆ ಬೆಚ್ಚಗೆ ಅನಿಸಿದರೆ ಅದು ಹೆಚ್ಚೇ. ಬೇಸಿಗೆಯ ಮಧ್ಯಾಹ್ನ ಮೇಲಿನ ಟ್ಯಾಂಕಿನ ನೀರು ಈ ಮಿತಿ ದಾಟಿರುತ್ತದೆ, ಬೆಳಗಿನ ನೀರು ಹಿಡಿದಿಟ್ಟುಕೊಳ್ಳಿ. ಸೋಪು ಮೊದಲು ನೀರಿನಲ್ಲಿ ಕರಗಲಿ, ಆಮೇಲೆ ಬಟ್ಟೆ. ಒಳಬದಿ ಹೊರಗೆ ಮಾಡಿ, ಗುಂಡಿ ಹಾಕಿ, ದಾರವಿದ್ದರೆ ಸಡಿಲವಾಗಿ ಕಟ್ಟಿ ಅದ್ದಿ. ಐದು ನಿಮಿಷ ಅಂಗೈಯಿಂದ ಮೇಲಿನಿಂದ ಒತ್ತಿ ಬಿಡಿ. ನೀರು ಬಟ್ಟೆಯ ಮೂಲಕ ಹಾದುಹೋದರೆ ಕೊಳೆ ಹೋಗುತ್ತದೆ. ಬಟ್ಟೆಗೆ ಬಟ್ಟೆ ತಿಕ್ಕುವ ಅಗತ್ಯವಿಲ್ಲ. ತಿಕ್ಕಿದ ಕಡೆ ಊದಿದ ಎಳೆಯ ಮೇಲ್ಮೈ ಕಿತ್ತು, ಒಣಗಿದ ಮೇಲೆ ಬಣ್ಣ ಮಾಸಿದಂತೆ ಬಿಳಿಚು ಗೆರೆ ಕಾಣುತ್ತದೆ, ಅದು ಹೋಗುವುದಿಲ್ಲ. ಕಾಲರ್ ಅಥವಾ ಕಂಕುಳಿನ ಕಲೆಗೆ ದ್ರವ ಸೋಪನ್ನು ಬಟ್ಟೆ ಒಣಗಿರುವಾಗಲೇ ಬೆರಳಿನಿಂದ ಹಚ್ಚಿ ಹತ್ತು ನಿಮಿಷ ಬಿಟ್ಟರೆ ನೀರಿನಲ್ಲಿ ಉಜ್ಜುವ ಪ್ರಸಂಗವೇ ಬರುವುದಿಲ್ಲ.

ಹೆಚ್ಚಿನ ಬಟ್ಟೆ ಕೆಡುವುದು ಒಗೆಯುವಾಗಲ್ಲ, ಬಕೆಟ್‌ನಿಂದ ಎತ್ತುವಾಗ. ಒಣಗಿದಾಗ 260 ಗ್ರಾಂ ಇರುವ ಕುರ್ತಿ ನೀರು ಸೋರುವ ಸ್ಥಿತಿಯಲ್ಲಿ ಮುಕ್ಕಾಲು ಕಿಲೋ ದಾಟುತ್ತದೆ. ಭುಜ ಹಿಡಿದು ಎತ್ತಿದರೆ ಆ ಭಾರವೆಲ್ಲ ಅರ್ಧ ಬಲವಷ್ಟೇ ಉಳಿದಿರುವ ನೂಲಿನ ಮೇಲೆ. ಅದಕ್ಕೇ ಬಟ್ಟೆಯನ್ನು ಎತ್ತಬೇಡಿ, ನೀರನ್ನು ಚೆಲ್ಲಿ. ಬಕೆಟ್ ವಾಲಿಸಿ ನೀರು ಬಸಿದು, ಬಟ್ಟೆಯನ್ನು ಪಕ್ಕಕ್ಕೆ ಒತ್ತಿ, ಹೊಸ ನೀರು ತುಂಬಿ ಜಾಲಿಸಿ. ಎರಡು ಸಲ ಸಾಕು. ಬೋರ್‌ವೆಲ್ಲಿನ ಗಡಸು ನೀರಾದರೆ ಮೂರು ಸಲ, ಏಕೆಂದರೆ ಸೋಪು ಗಡಸು ನೀರಿನಲ್ಲಿ ಬಿಡುವ ಜಿಡ್ಡು ಮೆತ್ತಗೆ ಇಳಿಬೀಳುವ ಈ ಬಟ್ಟೆಯನ್ನು ಬಿರುಸು ಮಾಡುತ್ತದೆ. ಕೊನೆಗೆ ಎರಡೂ ಅಂಗೈಗಳನ್ನು ಅಡಿಗೆ ಕೊಟ್ಟು ಇಡೀ ಮುದ್ದೆಯನ್ನು ಒಮ್ಮೆಗೇ ತೂತಿನ ಪ್ಲಾಸ್ಟಿಕ್ ಬುಟ್ಟಿಗೆ ಹಾಕಿ ಹತ್ತು ನಿಮಿಷ ಬಸಿಯಲು ಬಿಡಿ.

ಯಂತ್ರದಲ್ಲೇ ಒಗೆಯಬೇಕಿದ್ದರೆ ಬಟ್ಟೆಯನ್ನು ಬಲೆಯ ಚೀಲಕ್ಕೆ ಹಾಕಿ. ಮೃದು ಬಟ್ಟೆಯ ಪ್ರೋಗ್ರಾಂ, ತಣ್ಣೀರು, ಸ್ಪಿನ್ 400 ಸುತ್ತಿಗೆ ಮಿತಿ. ಮೇಲಿನಿಂದ ತುಂಬುವ ಯಂತ್ರಗಳ ಅಡಿಯ ಚಕ್ರ ಬಟ್ಟೆಗಳನ್ನು ಹುರಿಗಟ್ಟಿಸುತ್ತದೆ, ಅದರಲ್ಲಿ ಚೀಲವಿಲ್ಲದೆ ಹಾಕಲೇಬಾರದು. ಸ್ಪಿನ್ ಬಗ್ಗೆ ಅನೇಕರಿಗೆ ಅನಗತ್ಯ ಭಯವಿದೆ. ಡ್ರಮ್ಮಿನ ಗೋಡೆಗೆ ಸಮನಾಗಿ ಒತ್ತಿಕೊಂಡಿರುವ ಬಟ್ಟೆಗೆ ಕೈಯಿಂದ ತಿರುಚುವಷ್ಟು ಹಾನಿ ಆಗುವುದಿಲ್ಲ. ಸೆಮಿ ಆಟೊಮ್ಯಾಟಿಕ್‌ನ ಒಣಗಿಸುವ ತೊಟ್ಟಿಯಲ್ಲಿ ಚೀಲದ ಸಮೇತ ಸುತ್ತಲೂ ಹರಡಿ ಒಂದು ನಿಮಿಷ ತಿರುಗಿಸಿದರೆ ಸರಿಯಾಗುತ್ತದೆ.

ಒಣಗಿಸುವುದು

ಒಣ ಹತ್ತಿ ಟವೆಲ್ ಹಾಸಿ, ಬಟ್ಟೆಯನ್ನು ಅದರ ಮೇಲೆ ಚಪ್ಪಟೆಯಾಗಿ ಇಟ್ಟು, ಎರಡನ್ನೂ ಸೇರಿಸಿ ಚಾಪೆಯಂತೆ ಸುತ್ತಿ. ಸುರುಳಿಯನ್ನು ತಿರುಚದೆ, ತುದಿಯಿಂದ ತುದಿಗೆ ಅಂಗೈಯಿಂದ ಒತ್ತುತ್ತ ಹೋಗಿ. ಇನ್ನೊಂದು ಒಣ ಟವೆಲಿನಲ್ಲಿ ಮತ್ತೊಮ್ಮೆ. ಇಷ್ಟಾದಾಗ ಕುರ್ತಿಯ ತೂಕ ಅರ್ಧ ಕಿಲೋದ ಆಸುಪಾಸಿಗೆ ಇಳಿದಿರುತ್ತದೆ. ಅಡುಗೆಮನೆಯ ತಕ್ಕಡಿ ಇದ್ದವರು ತೂಗಿ ನೋಡಬಹುದು: ಒಣ ತೂಕದ ಎರಡರಷ್ಟಕ್ಕಿಂತ ಹೆಚ್ಚಿದ್ದರೆ ಇನ್ನೂ ಒಂದು ಟವೆಲ್ ಬೇಕು.

ನಂತರ ನವಾರದ ಮಂಚ, ಬಟ್ಟೆ ಒಣಗಿಸುವ ಮಡಿಸುವ ಸ್ಟ್ಯಾಂಡಿನ ಮೇಲ್ಭಾಗ, ಅಥವಾ ಮಹಡಿಯ ನೆಲದ ಮೇಲೆ ಬಿಳಿ ಬೆಡ್‌ಶೀಟ್ ಹಾಸಿ, ನೆರಳಿನಲ್ಲಿ ಬಟ್ಟೆ ಹರಡಿ. ಕೆಳಗಿನಿಂದಲೂ ಗಾಳಿ ಆಡಿದರೆ ಬೇಗ ಒಣಗುತ್ತದೆ. ಈ ಹಂತದಲ್ಲಿ ಟೇಪು ಕೈಯಲ್ಲಿರಲಿ. ಬರೆದಿಟ್ಟ ಅಳತೆಗೆ ಉದ್ದ, ಅಗಲ ಬರುವಂತೆ ಅಂಗೈಯಿಂದ ತಳ್ಳಿ ಸರಿಪಡಿಸಿ. ಬೆರಳ ತುದಿಯಿಂದ ಎಳೆದರೆ ಅಂಚು ಅಲೆಅಲೆಯಾಗುತ್ತದೆ. ಅಕ್ಕಪಕ್ಕದ ಹೊಲಿಗೆ ನೆಟ್ಟಗಿರಲಿ, ತೋಳು ಮೈಗೆ ಅಂಟದಿರಲಿ. ಮೇಲ್ಬದಿ ಆರಿದ ಮೇಲೆ ಶೀಟಿನ ಸಮೇತ ಮಗುಚಿ ಹಾಕಿ. ಮುಟ್ಟಿದರೆ ತಂಪು ಮಾತ್ರ ಉಳಿದು ಹಸಿ ಇಲ್ಲವೆನ್ನುವ ಹಂತಕ್ಕೆ ಬಂದಾಗ ಅಗಲ ಭುಜದ ಹ್ಯಾಂಗರಿಗೆ ಹಾಕಬಹುದು. ಆ ಹೊತ್ತಿಗೆ ಭಾರವೂ ಇಳಿದಿರುತ್ತದೆ, ಬಲವೂ ಬಹುಪಾಲು ಮರಳಿರುತ್ತದೆ.

ಹರಡಲು ಜಾಗವಿಲ್ಲದ ಮನೆಯಲ್ಲಿ ಹಗ್ಗಕ್ಕೆ ಒಣ ಟವೆಲ್ ಸುತ್ತಿ, ಕುರ್ತಿಯನ್ನು ಸೊಂಟದ ಮಟ್ಟದಲ್ಲಿ ಅಡ್ಡ ಹಾಕಿ, ಎರಡೂ ಬದಿ ಸಮ ತೂಗುವಂತೆ. ಎರಡು ಹಗ್ಗ ಒಂದು ಗೇಣು ಅಂತರದಲ್ಲಿದ್ದರೆ ಎರಡರ ಮೇಲೂ ಹಾಯಿಸುವುದು ಇನ್ನೂ ಮೇಲು. ರೇಯಾನ್ ಸೀರೆಯನ್ನು ಉದ್ದಕ್ಕೆ ನಾಲ್ಕು ಮಡಿಕೆ ಮಾಡಿ ದಪ್ಪ ಕೋಲಿನ ಮೇಲೆ ಹಾಕಿ; ಒಂದು ತುದಿಗೆ ಕ್ಲಿಪ್ ಹಾಕಿ ಬಿಟ್ಟರೆ ಐದೂವರೆ ಮೀಟರಿನ ಭಾರ ಆ ಎರಡು ಬೊಟ್ಟು ಜಾಗದ ಮೇಲೆ ಬೀಳುತ್ತದೆ. ಟೀ ಶರ್ಟ್‌ನಂತಹ ಹೆಣೆದ ವಿಸ್ಕೋಸ್‌ಗೆ ಮಾತ್ರ ಹಗ್ಗವೇ ಬೇಡ, ಅದರ ಕುಣಿಕೆಗಳು ನೇಯ್ದ ಬಟ್ಟೆಗಿಂತ ಬಹಳ ಬೇಗ ಜಗ್ಗುತ್ತವೆ. ಚೀಟಿಯಲ್ಲಿ ಚೌಕದೊಳಗೆ ಒಂದು ಅಡ್ಡ ಗೆರೆ ಕಂಡರೆ ತಯಾರಕರೂ ಚಪ್ಪಟೆಯಾಗಿಯೇ ಒಣಗಿಸಿ ಎನ್ನುತ್ತಿದ್ದಾರೆ ಎಂದರ್ಥ.

ಕೆಟ್ಟದ್ದನ್ನು ಸರಿಪಡಿಸುವುದು: ಒಂದು ಉದಾಹರಣೆ

ಅಂಬ್ರೆಲಾ ಕಟ್‌ನ ನೇಯ್ದ ವಿಸ್ಕೋಸ್ ಕುರ್ತಿ ಎಂದಿಟ್ಟುಕೊಳ್ಳಿ. ತಂದಾಗ ಭುಜದಿಂದ ಅಂಚಿಗೆ ಎಲ್ಲ ಕಡೆ 112 ಸೆಂ.ಮೀ., ಎದೆಯ ಅಗಲ 50. ಸೋರುತ್ತಿರುವಾಗಲೇ ತಂತಿ ಹ್ಯಾಂಗರಿನಲ್ಲಿ ರಾತ್ರಿ ನೇತುಹಾಕಿದ ಮೇಲೆ ನಡುವಿನಲ್ಲಿ 115, ಎರಡೂ ಪಕ್ಕದಲ್ಲಿ 119, ಅಗಲ 48. ಉದ್ದ ಹೆಚ್ಚಿ ಅಗಲ ಕುಗ್ಗಿದೆ: ಭಾರದ ಎಳೆತ. ಪಕ್ಕ ನಡುವಿಗಿಂತ 4 ಸೆಂ.ಮೀ. ಹೆಚ್ಚು: ಅದು ಓರೆಯ ಜಗ್ಗುವಿಕೆ. ಎರಡು ದೋಷಗಳನ್ನು ಬೇರೆ ಬೇರೆಯಾಗಿ ಎದುರಿಸಬೇಕು.

ಮೊದಲು ಸೋಪಿಲ್ಲದ 30 ಡಿಗ್ರಿ ನೀರಿನಲ್ಲಿ ಹದಿನೈದು ನಿಮಿಷ ಮುಳುಗಿಸಿ. ಬಂಧಗಳು ಮತ್ತೆ ಬಿಡುತ್ತವೆ, ಎಳೆತವಿಲ್ಲದ ಕಾರಣ ನೂಲು ತಾನಾಗಿ ಹಿಂದೆ ಸರಿಯಲು ಅವಕಾಶ ಸಿಗುತ್ತದೆ. ಬುಟ್ಟಿಯಲ್ಲಿ ಬಸಿದು, ಎರಡು ಟವೆಲ್‌ನಲ್ಲಿ ಸುತ್ತಿ, ಚಪ್ಪಟೆ ಹರಡಿ. ಈಗ ಅಂಚಿನಿಂದ ಭುಜದ ಕಡೆಗೆ ಅಂಗೈಯಿಂದ ಸ್ವಲ್ಪಸ್ವಲ್ಪ ಮೇಲೆ ತಳ್ಳಿ, ಎದೆಯನ್ನು ಅಗಲಕ್ಕೆ ಬಿಡಿಸಿ. ಸಣ್ಣ ಸುಕ್ಕು ಎದ್ದರೆ ಪರವಾಗಿಲ್ಲ, ಇಸ್ತ್ರಿಯಲ್ಲಿ ಹೋಗುತ್ತದೆ. ಇಂಥ ಕುರ್ತಿ ಒಣಗಿದಾಗ ನಡುವು 112ರಿಂದ 113ಕ್ಕೆ, ಅಗಲ 50ರ ಹತ್ತಿರಕ್ಕೆ ಬರುತ್ತದೆ. ಪಕ್ಕಗಳು 115ರ ಆಚೀಚೆ ನಿಲ್ಲುತ್ತವೆ.

ಆ ಉಳಿದ ಎರಡು ಮೂರು ಸೆಂಟಿಮೀಟರಿಗೆ ಮತ್ತೆ ಮತ್ತೆ ನೆನೆಸಿ ಪ್ರಯೋಜನವಿಲ್ಲ. ಒಣ ಕುರ್ತಿಯನ್ನು ಒಂದು ಪೂರ್ತಿ ದಿನ ಅಗಲ ಹ್ಯಾಂಗರಿನಲ್ಲಿ ಬಿಟ್ಟು, ಜಗ್ಗುವಷ್ಟು ಜಗ್ಗಲು ಬಿಡಿ. ಆಮೇಲೆ ತೊಟ್ಟು ನಿಂತಾಗ ಇನ್ನೊಬ್ಬರು ನೆಲದಿಂದ ಒಂದೇ ಎತ್ತರಕ್ಕೆ ಸ್ಕೇಲ್ ಹಿಡಿದು ಸುತ್ತಲೂ ಚಾಕ್ ಗುರುತು ಹಾಕಲಿ. ಆ ಗೆರೆಗೆ ಮಾರ್ಜಿನ್ ಸೇರಿಸಿ ಕತ್ತರಿಸಿ ಅಂಚು ಮಡಿಸಿ ಹೊಲಿಯಬೇಕು. ಹೊಸ ಅಂಬ್ರೆಲಾ ಕುರ್ತಿ ಹೊಲಿಯುವ ಒಳ್ಳೆಯ ದರ್ಜಿಗಳು ಅಂಚು ಮಡಿಸುವ ಮೊದಲೇ ಹೀಗೆ ಒಂದು ದಿನ ನೇತುಹಾಕಿ ಬಿಡುತ್ತಾರೆ. ನಿಮ್ಮ ದರ್ಜಿ ಹಾಗೆ ಮಾಡದಿದ್ದರೆ ಕೇಳಿ ಮಾಡಿಸಿಕೊಳ್ಳಿ.

ಗಿಡ್ಡವಾದ ಬಟ್ಟೆಗೆ ಇದೇ ಕ್ರಮ, ದಿಕ್ಕು ಮಾತ್ರ ತಿರುಗುಮುರುಗು. ಟವೆಲ್‌ನಲ್ಲಿ ಸುತ್ತಿ ತೆಗೆದ ಮೇಲೆ, ಹಳೆಯ ಹಾಸಿಗೆಯ ಮೇಲೆ ಶೀಟ್ ಹಾಕಿ, ಭುಜದ ಹೊಲಿಗೆಯನ್ನು ತುಕ್ಕು ಹಿಡಿಯದ ಗುಂಡುಪಿನ್ನಿನಿಂದ ನಿಲ್ಲಿಸಿ, ಅಂಚನ್ನು ಅಂಗೈ ಅಗಲದಲ್ಲಿ ಹಿಡಿದು ಸಮನಾಗಿ ಎಳೆದು ಪಿನ್ ಮಾಡಿ. ಒಂದೇ ಸಲಕ್ಕೆ ಪೂರ್ತಿ ಎಳೆಯಬೇಡಿ. ಸೆಂಟಿಮೀಟರ್ ಒಂದೊಂದಾಗಿ, ಎರಡೂ ಪಕ್ಕ ಅಳೆಯುತ್ತ. ಕುಗ್ಗಿದ್ದರಲ್ಲಿ ಒಂದು ಭಾಗ ಮರಳುತ್ತದೆ. ಆದರೆ ಮುಂದಿನ ಒಗೆತದಲ್ಲಿ ಅದು ಮತ್ತೆ ಕುಗ್ಗುತ್ತದೆ, ಪ್ರತಿ ಸಲ ಹೀಗೆಯೇ ಒಣಗಿಸಬೇಕಾಗುತ್ತದೆ. ಹೊಲಿಸುವ ಬಟ್ಟೆಯಾದರೆ ಈ ತೊಂದರೆಯನ್ನು ಮೊದಲೇ ತಪ್ಪಿಸಬಹುದು. ಎರಡೂವರೆ ಮೀಟರ್ ಬೇಕಿದ್ದಲ್ಲಿ ಹದಿನೈದು ಸೆಂಟಿಮೀಟರ್ ಹೆಚ್ಚು ತಂದು, ದರ್ಜಿಗೆ ಕೊಡುವ ಮೊದಲು ತಣ್ಣೀರಿನಲ್ಲಿ ನೆನೆಸಿ ಚಪ್ಪಟೆಯಾಗಿ ಒಣಗಿಸಿ. ಕುಗ್ಗುವುದು ಕತ್ತರಿ ಬೀಳುವ ಮೊದಲೇ ಕುಗ್ಗಿರುತ್ತದೆ.

ಇಸ್ತ್ರಿಯೂ ಆಕಾರ ಕೆಡಿಸಬಲ್ಲದು. ತುಸು ತೇವವಿರುವಾಗ, ಒಳಬದಿಯಿಂದ, ಎರಡು ಚುಕ್ಕಿಯ ಶಾಖದಲ್ಲಿ, ಅಂದರೆ 150 ಡಿಗ್ರಿ ಮೀರದಂತೆ ಮಾಡಿ. ತೇವದ ಬಟ್ಟೆಯ ಮೇಲೆ ಇಸ್ತ್ರಿಯನ್ನು ಜೋರಾಗಿ ತಳ್ಳಿದರೆ ಮುಂದಿನ ಭಾಗ ಉಬ್ಬಿ ಅದೇ ಆಕಾರದಲ್ಲಿ ಒಣಗುತ್ತದೆ. ಎತ್ತಿ ಇಟ್ಟು, ಎತ್ತಿ ಇಟ್ಟು ಹಾಸಿನ ದಿಕ್ಕಿಗೇ ಒತ್ತಬೇಕು. ಓರೆಯಾಗಿ ಓಡಿಸಿದರೆ ಘೇರಿನ ಅಂಚು ಮತ್ತೆ ಜಗ್ಗುತ್ತದೆ. ಹೊಲಿಗೆಯ ಮೇಲೆ ಹೊರಬದಿಯಿಂದ ಒತ್ತಿದರೆ ಮಿನುಗು ಗೆರೆ ಬೀಳುತ್ತದೆ, ಹಾಗಾಗಿ ಅಲ್ಲಿ ತೆಳು ಹತ್ತಿ ಬಟ್ಟೆಯೊಂದನ್ನು ಮಧ್ಯೆ ಇಟ್ಟುಕೊಳ್ಳಿ. ಇಸ್ತ್ರಿಯಾದ ಕೂಡಲೇ ಮಡಿಸದೆ ಕಾಲು ಗಂಟೆ ಹರಡಿ ಬಿಡಿ, ಒಳಗಿನ ಹಬೆ ಆರಿದ ಮೇಲೆ ಕಪಾಟಿಗೆ ಇಡಿ.